ಎರಡು ಗಂಟೆಯಲ್ಲಿ ಬರೆದ ಉಪವಾಸ

ಎರಡು ಗಂಟೆ ಎಂದು ಬರೆದಿದ್ದರೆ ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ. ನನ್ನ ಚಿಕ್ಕ ತಮ್ಮ ಇವತ್ತಿಗೂ ಇದೇ ಮಾತು ಹೇಳುತ್ತಾನೆ. ಅವನು ತುಮಕೂರಿನ ಹೊರವಲಯದ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕೆ ಜನರನ್ನು ಆರಿಸುವ ವಿಭಾಗದಲ್ಲಿದ್ದಾನೆ. ಹಾಗಾಗಿ ಕೆಲಸ ಹೇಗೆ ಸಿಗುತ್ತದೆ, ಹೇಗೆ ಕೈತಪ್ಪುತ್ತದೆ ಎಂಬುದೆಲ್ಲ ತನಗೊಬ್ಬನಿಗೇ ಗೊತ್ತು ಎಂದುಕೊಂಡಿದ್ದಾನೆ. ಗೊತ್ತಿರಲೂಬಹುದು. ಆದರೆ ಅವನ ಬುದ್ಧಿವಾದ ಕೇಳಿಕೊಂಡು ಸುಳ್ಳು ಬರೆಯುವಷ್ಟು ಒಳ್ಳೆಯ ಅಕ್ಕ ನಾನಲ್ಲ.

ನಾನು ವರ್ಷಗಟ್ಟಲೆ ಒಂದು ದಿನಪತ್ರಿಕೆಯ ತುಮಕೂರು ಕಚೇರಿಯಲ್ಲಿ ಕರಡು ತಿದ್ದುತ್ತಿದ್ದೆ. ಒಂದು ದಿನ ಪುಟಗಳನ್ನೆಲ್ಲ ಬೆಂಗಳೂರಿನಲ್ಲೇ ಕಟ್ಟುತ್ತೇವೆ ಎಂದರು. ನಮ್ಮ ಕಚೇರಿಗೆ ಬೀಗ ಬಿತ್ತು. ಆಮೇಲೆ ಶೆಟ್ಟಿಹಳ್ಳಿಯ ಬಾಡಿಗೆ ಮನೆಯಲ್ಲಿ ಕುಳಿತು ಮದುವೆ ಪತ್ರಿಕೆ ತಿದ್ದಿದೆ, ಎಂ.ಎ. ಓದುವವರ ಪ್ರಬಂಧ ತಿದ್ದಿದೆ, ಒಬ್ಬರು ಫ್ಲೆಕ್ಸ್ ಅಂಗಡಿಯವರು ತಂದುಕೊಟ್ಟ ಶ್ರದ್ಧಾಂಜಲಿಗಳನ್ನೂ ತಿದ್ದಿದೆ. ಬೀದಿಯಲ್ಲಿ ಸಿಕ್ಕವರೆಲ್ಲ, ‘ಈಗೇನ್ ಮಾಡ್ಕೊಂಡಿದೀರಾ ಮೇಡಂ?’ ಎಂದು ಕೇಳುತ್ತಿದ್ದರು. ಆ ಪ್ರಶ್ನೆಯಲ್ಲಿ ಕಾಳಜಿ ಎಷ್ಟು, ಖುಷಿ ಎಷ್ಟು ಎಂದು ಬೇರ್ಪಡಿಸುವುದರಲ್ಲಿ ನಾನು ಪಳಗಿಬಿಟ್ಟೆ. ನನಗೆ ಒಂದು ಕೆಲಸ ಬೇಕಿತ್ತು. ಬೆಳಿಗ್ಗೆ ಎದ್ದು, ಡಬ್ಬಿ ಕಟ್ಟಿಕೊಂಡು, ಬಾಗಿಲಿಗೆ ಬೀಗ ಹಾಕಿ ಹೋಗುವಂಥ ಕೆಲಸ.

ಅಂಥದ್ದೊಂದು ಕಣ್ಣಿಗೆ ಬಿತ್ತು. ರಕ್ತ, ಮೂತ್ರ ಪರೀಕ್ಷೆ ಮಾಡುವ ಒಂದು ಲ್ಯಾಬು. ಅದರ ಮುಖ್ಯ ಕಚೇರಿ ಬೆಂಗಳೂರಿನಲ್ಲಿ, ದೊಡ್ಡ ಶಾಖೆ ತುಮಕೂರಿನಲ್ಲಿ, ರಕ್ತ ತೆಗೆದುಕೊಳ್ಳುವ ಸಣ್ಣ ಕೇಂದ್ರಗಳು ಗುಬ್ಬಿಯಲ್ಲಿ, ಕುಣಿಗಲ್ಲಿನಲ್ಲಿ. ರೋಗಿಗಳ ಫೋನಿಗೆ ಹೋಗುವ ಸಂದೇಶಗಳನ್ನು ಕನ್ನಡದಲ್ಲಿ ಬರೆಯಲು, ನೋಡಿಕೊಳ್ಳಲು ತುಮಕೂರಿನ ಶಾಖೆಗೆ ಒಬ್ಬರು ಬೇಕಾಗಿದ್ದರು. ಅರ್ಜಿ ಹಾಕಿದೆ. ಅಲ್ಲಿ ನೇಮಕಾತಿ ನೋಡಿಕೊಳ್ಳುವ ಹುಡುಗಿ ಫೋನ್ ಮಾಡಿ, ‘ಮೇಡಂ, ನಿಮಗೊಂದು ಟೇಕ್ ಹೋಮ್ ಅಸೈನ್‌ಮೆಂಟ್ ಕಳಿಸ್ತೀನಿ, ಮನೇಲೇ ಮಾಡಿ ಮೇಲ್ ಮಾಡಿ’ ಎಂದಳು. ಈ ವಯಸ್ಸಿನಲ್ಲಿ ಹೋಂವರ್ಕ್ ಬಂತಲ್ಲ ಎಂದು ನಗು ಬಂತು.

ಬಂದದ್ದು ಒಂದು ಕಡತ. ಹತ್ತು ಇಂಗ್ಲಿಷ್ ಸಂದೇಶಗಳು. ಅವುಗಳನ್ನು ನಮ್ಮ ಜಿಲ್ಲೆಯ ಸಾಮಾನ್ಯ ರೋಗಿಗೆ ಅರ್ಥವಾಗುವಂತೆ ಕನ್ನಡದಲ್ಲಿ ಬರೆಯಬೇಕು. ಜೊತೆಗೆ ಬೆಂಗಳೂರಿನವರು ಸಿದ್ಧಪಡಿಸಿದ ಪದಪಟ್ಟಿ. ಕೆಳಗೆ ಸೂಚನೆ: ಮೂರು ದಿನದೊಳಗೆ ಕಳಿಸಿ, ಕೆಲಸಕ್ಕೆ ಎರಡು ಗಂಟೆ ಸಾಕು, ನೀವು ಏನೇನು ಊಹಿಸಿಕೊಂಡು ಬರೆದಿರಿ ಮತ್ತು ಎಷ್ಟು ಸಮಯ ತೆಗೆದುಕೊಂಡಿರಿ ಎಂಬುದನ್ನು ಒಂದು ಪುಟ ಮೀರದ ಟಿಪ್ಪಣಿಯಲ್ಲಿ ತಿಳಿಸಿ.

ಈ ಕೊನೆಯ ಸಾಲು ನನಗೆ ಹಿಡಿಸಿತು. ಕರಡು ತಿದ್ದುವವರಿಗೆ ಯಾರೂ ಇಂಥ ಮರ್ಯಾದೆ ಕೊಟ್ಟಿರಲಿಲ್ಲ. ಮೂಲದಲ್ಲಿ ಅಸ್ಪಷ್ಟವಾಗಿದ್ದದ್ದನ್ನು ನಾವೇ ಊಹಿಸಿ ಸರಿಮಾಡುತ್ತಿದ್ದೆವು, ತಪ್ಪಾದರೆ ಬೈಸಿಕೊಳ್ಳುತ್ತಿದ್ದೆವು. ‘ಇಲ್ಲಿ ಗೊತ್ತಾಗಲಿಲ್ಲ, ಹೀಗಿರಬಹುದು ಎಂದುಕೊಂಡೆ’ ಎಂದು ಹೇಳಲು ಒಂದು ಜಾಗವೇ ಇರಲಿಲ್ಲ. ಇವರು ಅದಕ್ಕೊಂದು ಪುಟ ಕೊಟ್ಟಿದ್ದಾರೆ. ಕೇಳಿದ ಮೇಲೆ ಹೇಳದೆ ಬಿಡುವವಳೇ ನಾನು?

ಬೆಳಿಗ್ಗೆ ತಿಂಡಿ ಮುಗಿಸಿ ಕುಳಿತೆ. ಮೊದಲನೆಯ ಸಂದೇಶ, ಸಕ್ಕರೆ ಪರೀಕ್ಷೆಗೆ ಬರುವವರಿಗೆ, ಫಾಸ್ಟಿಂಗ್‌ನಲ್ಲಿ ಬನ್ನಿ ಎಂದು. ಪದಪಟ್ಟಿ ನೋಡಿದೆ. ಫಾಸ್ಟಿಂಗ್ ಎಂದರೆ ಉಪವಾಸ ಎಂದಿತ್ತು. ‘ನಾಳೆ ಬೆಳಿಗ್ಗೆ ಉಪವಾಸವಿದ್ದು ಪರೀಕ್ಷೆಗೆ ಬನ್ನಿ’ ಎಂದು ಬರೆದೆ. ಒಳ್ಳೆಯ ಕನ್ನಡ, ಕಾಗುಣಿತ ಸರಿ, ಉಸಿರು ಕಟ್ಟದ ವಾಕ್ಯ. ಉಳಿದ ಒಂಬತ್ತನ್ನೂ ಮುಗಿಸಿದೆ. ಅವರು ಹೇಳಿದ ಎರಡು ಗಂಟೆಗೆ ಇನ್ನೂ ಐದು ನಿಮಿಷ ಬಾಕಿಯಿತ್ತು. ಆಗಲೇ ಮೇಲ್ ಮಾಡಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು.

ಆದರೆ ಬರೆದದ್ದನ್ನು ಯಾರಿಗಾದರೂ ಓದಿ ಹೇಳುವುದು ನನ್ನ ಹಳೆಯ ಚಾಳಿ. ಅವ್ವನಿಗೆ ಫೋನ್ ಹಚ್ಚಿದೆ. ಅವ್ವ ಇರುವುದು ಸಿ.ಎಸ್. ಪುರದಲ್ಲಿ, ದೊಡ್ಡ ತಮ್ಮನ ಸಂಸಾರದ ಜೊತೆ. ಸಕ್ಕರೆ ಕಾಯಿಲೆ ಇನ್ನೂ ಬಂದಿಲ್ಲ, ಆದರೆ ಬಂದವರ ಸುದ್ದಿಯೆಲ್ಲ ಅವಳ ಹತ್ತಿರ ಇರುತ್ತದೆ. ಮೊದಲ ಸಂದೇಶ ಓದಿದೆ.

‘ನಾಳಿಕ್ಕಾ? ನಾಳೆ ಸೋಮ್ವಾರ ಅಲ್ವಲ್ಲೇ’ ಎಂದಳು.

‘ಸೋಮ್ವಾರ ಯಾಕವ್ವಾ? ರಕ್ತ ಕೊಡಕ್ಕೆ ಹೋಗೋರು ಉಪವಾಸ ಇರ್ಬೇಕು.’

‘ಇರ್ಲಿ ಬುಡು, ಅದಕ್ಕೇನಂತೆ. ಬೆಳಿಗ್ಗೆ ಎದ್ದು ಸ್ನಾನ ಮಾಡಿ, ಒಂದೀಟು ಅವಲಕ್ಕಿ ತಿಂದು, ಒಂದು ಬಾಳೆಹಣ್ಣು ತಿಂದು, ಕಾಫಿ ಕುಡ್ಕಂಡು ಹೋಗೋದಪ್ಪ. ಅನ್ನ, ಮುದ್ದೆ ಮುಟ್ಟಬಾರ್ದು ಅಷ್ಟೇಯ.’

ಅವ್ವ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ನಮ್ಮ ಕಡೆ ಶಿವನ ಸೋಮವಾರ ಮಾಡುವ ಮನೆಗಳಲ್ಲಿ ಉಪವಾಸ ಅಂದರೆ ಅದೇ. ಚಿಕ್ಕವಳಿದ್ದಾಗ ನಾನು ಉಪವಾಸಕ್ಕೆ ಕಾಯುತ್ತಿದ್ದದ್ದೇ ಆ ಒಗ್ಗರಣೆ ಅವಲಕ್ಕಿಗಾಗಿ. ಅದು ಗೊತ್ತಿದ್ದೂ ಗೊತ್ತಿದ್ದೂ ಪದಪಟ್ಟಿಯಲ್ಲಿ ಇದೆ ಎಂದು ಅದನ್ನೇ ಬರೆದಿದ್ದೆನಲ್ಲ! ಅಚ್ಚಾದ ಪದ ಕಂಡರೆ ತಲೆಬಾಗುವ ರೋಗ ನನಗೂ ಹತ್ತಿತ್ತೇ ಎಂದು ನನ್ನ ಮೇಲೇ ಸಿಟ್ಟು ಬಂತು.

ಇದು ನಮ್ಮ ಮನೆಯದಷ್ಟೇ ವಿಚಾರವೋ, ನಿಜವಾಗಿ ಲ್ಯಾಬಿಗೂ ಹೀಗೇ ತಿಂದು ಬರುತ್ತಾರೋ ನೋಡಬೇಕಿತ್ತು. ಎರಡು ಗಂಟೆಯ ಪ್ರತಿಯನ್ನು ಬೇರೆ ಹೆಸರಿನಲ್ಲಿ ಎತ್ತಿಟ್ಟೆ. ಮರುದಿನ ಬೆಳಗಿನ ಬಸ್ಸು ಹಿಡಿದು ಗುಬ್ಬಿಗೆ ಹೋದೆ.

ಗುಬ್ಬಿಯ ಕೇಂದ್ರ ಅಂದರೆ ಒಂದು ಮಳಿಗೆ. ಹೊರಗೆ ಪ್ಲಾಸ್ಟಿಕ್ ಕುರ್ಚಿ, ಒಳಗೆ ಪರದೆ, ಪರದೆಯ ಹಿಂದೆ ರಕ್ತ ತೆಗೆಯುವ ಹುಡುಗ. ನಾನೂ ಒಂದು ಕುರ್ಚಿಯಲ್ಲಿ ಕುಳಿತೆ. ಯಾರೂ ನೀನ್ಯಾರು ಎನ್ನಲಿಲ್ಲ. ಬೆಳಗಿನ ಲ್ಯಾಬಿನಲ್ಲಿ ಎಲ್ಲರ ಮುಖವೂ ಹಸಿದು ಸಿಡುಕಾಗಿರುತ್ತದೆ, ನನ್ನದು ಹುಟ್ಟಿನಿಂದಲೇ ಹಾಗಿದೆ, ಹಾಗಾಗಿ ಹೊಂದಿಕೊಂಡುಬಿಟ್ಟೆ.

ಸ್ವಲ್ಪ ಹೊತ್ತಿಗೆ ಒಳಗಿನಿಂದ ಜಗಳ ಕೇಳಿಸಿತು. ಸೆರಗು ಹೊದ್ದ ಒಬ್ಬ ದಪ್ಪನೆಯ ಹೆಂಗಸು, ವಿಭೂತಿ ಹಚ್ಚಿಕೊಂಡು ಬಂದಿದ್ದವರು, ರಕ್ತ ತೆಗೆಯುವ ಹುಡುಗನ ಮೇಲೆ ಏರಿಹೋಗಿದ್ದರು.

‘ಏನಾದ್ರೂ ತಿಂದಿದೀರಾಮ್ಮ ಅಂತ ಕೇಳಿದ್ದಕ್ಕೆ ಬಾಳೆಹಣ್ಣು ಅಂತೀರಲ್ಲಮ್ಮ! ಫೋನಿಗೆ ಮೆಸೇಜ್ ಬಂದಿಲ್ವಾ?’

‘ಬಂದಿತ್ತು ಕಣಪ್ಪ. ನನ್ ಮೊಮ್ಮಗ್ಳು ಓದಿದ್ಲು. ಉಪವಾಸ ಬನ್ನಿ ಅಂತ. ಉಪವಾಸನೇ ಬಂದಿದೀನಿ! ನನ್ನ ಉಪವಾಸ ಸುಳ್ಳು ಅಂತೀಯಾ ನೀನು?’

‘ಹಣ್ಣು ತಿಂದ್ರೆ ಫಾಸ್ಟಿಂಗ್ ಅಲ್ಲಮ್ಮ. ನಾಳೆ ಬನ್ನಿ.’

‘ಐವತ್ತು ವರ್ಷದಿಂದ ಉಪವಾಸ ಮಾಡ್ತಿದೀನಿ, ಇವ್ನು ಬಂದ ನಂಗೆ ಹೇಳ್ಕೊಡಕ್ಕೆ!’

ಆಕೆ ಹೊರಗೆ ಬಂದು ನನ್ನ ಪಕ್ಕದಲ್ಲಿ ಕುಳಿತು ಸುಧಾರಿಸಿಕೊಂಡರು. ನಾಳೆ ಮತ್ತೆ ಬಸ್ಸಿಗೆ ಕಾಯಬೇಕು, ಮತ್ತೆ ಮಗನನ್ನು ಗೋಗರೆಯಬೇಕು ಎಂದರು. ಅದಕ್ಕಿಂತ ಅವರಿಗೆ ನೋವಾಗಿದ್ದು ತಮ್ಮ ವ್ರತದ ಮೇಲೆ ಅನುಮಾನ ಪಟ್ಟದ್ದು. ನನಗೂ ಉರಿಯಿತು. ಈ ಹುಡುಗನದೂ ತಪ್ಪಲ್ಲ, ಆಕೆಯದೂ ತಪ್ಪಲ್ಲ. ತಪ್ಪು ಇದ್ದದ್ದು ಒಂದು ಪದದಲ್ಲಿ, ಮತ್ತು ಹಿಂದಿನ ದಿನ ನಾನೂ ಅದೇ ಪದವನ್ನು ಒಂದಿಷ್ಟೂ ಅಳುಕದೆ ಬರೆದಿದ್ದೆ.

ಅಲ್ಲಿಂದಲೇ ಬಸ್ಸು ಹಿಡಿದು ಕುಣಿಗಲ್ಲಿಗೂ ಹೋದೆ. ಅಲ್ಲಿ ಬೇರೆಯೇ ಕಥೆ. ಯಡಿಯೂರು ಕಡೆಯಿಂದ ಬಂದಿದ್ದ ಒಬ್ಬ ಯಜಮಾನರು ಪಕ್ಕದಲ್ಲಿ ಕುಳಿತಿದ್ದರು. ಏನು ತಿಂದು ಬಂದಿರಿ ಎಂದು ಮೆಲ್ಲಗೆ ಕೇಳಿದೆ. ‘ಏನೂ ತಿಂದಿಲ್ಲಮ್ಮ, ರಾತ್ರಿಯಿಂದ ಖಾಲಿ ಹೊಟ್ಟೆ’ ಎಂದರು. ಕಾಫಿ? ‘ಕಾಫಿ ಕುಡೀದೆ ಮನೆಯಿಂದ ಆಚೆ ಹೆಂಗಮ್ಮ ಬರೋದು!’ ಎಂದು ನನ್ನನ್ನೇ ಪಾಪ ಎನ್ನುವಂತೆ ನೋಡಿದರು. ತಿನ್ನುವುದು ಬೇರೆ, ಕುಡಿಯುವುದು ಬೇರೆ. ಅವರ ಲೆಕ್ಕದಲ್ಲಿ ಕಾಫಿ ಹೊಟ್ಟೆಗೆ ಹೋಗುವುದೇ ಇಲ್ಲ. ಅವರ ಜೇಬಿನಲ್ಲಿ ಮಾತ್ರೆಯ ಪಟ್ಟಿ ಕಾಣುತ್ತಿತ್ತು. ಸಕ್ಕರೆ ಮಾತ್ರೆ ನುಂಗಿದಿರಾ ಎಂದೆ. ‘ಅದನ್ನ ಬಿಡಕ್ಕಾಯ್ತದಾ? ಡಾಕ್ಟ್ರು ಒಂದಿನಾನೂ ತಪ್ಪಿಸ್ಬೇಡಿ ಅಂದವ್ರೆ’ ಎಂದರು.

ಮಾತ್ರೆಯ ಸುದ್ದಿ ನನಗೆ ಕೊಟ್ಟ ಹತ್ತು ಸಂದೇಶಗಳಲ್ಲಿ ಎಲ್ಲೂ ಇರಲಿಲ್ಲ. ಆಗ ನನಗೆ ನಿಜವಾಗಿ ಭಯವಾಯಿತು. ಕಾಫಿಯನ್ನೂ ಬಿಡಿಸುವ ಗಟ್ಟಿ ವಾಕ್ಯವನ್ನು ನಾನು ಬರೆದುಬಿಟ್ಟರೆ, ಇವರಂಥವರು ಹೊಟ್ಟೆಗೆ ಏನೂ ಹಾಕದೆ ಮಾತ್ರೆ ಮಾತ್ರ ನುಂಗಿ ಬಸ್ಸು ಹತ್ತುತ್ತಾರೆ. ಸಕ್ಕರೆ ಇಳಿದು ದಾರಿಯಲ್ಲಿ ತಲೆ ಸುತ್ತಿ ಬಿದ್ದರೆ? ವಾಕ್ಯ ಚೆನ್ನಾದಷ್ಟೂ ಅಪಾಯ ಹೆಚ್ಚು. ಹಾಗೆಂದು ಮಾತ್ರೆ ಬಿಡಿ ಎಂದು ಬರೆಯಲು ನಾನೇನು ಡಾಕ್ಟರೇ?

ಆ ಸಂಜೆ ಮನೆಗೆ ಬಂದು ಹತ್ತರಲ್ಲಿ ನಾಲ್ಕು ಸಂದೇಶಗಳನ್ನು ಒಡೆದು ಮತ್ತೆ ಬರೆದೆ. ಮೊದಲನೆಯದು ಹೀಗಾಯಿತು: ‘ಇವತ್ತು ರಾತ್ರಿ ಊಟವಾದ ಮೇಲೆ, ನಾಳೆ ಬೆಳಿಗ್ಗೆ ರಕ್ತ ಕೊಡುವವರೆಗೆ, ನೀರು ಬಿಟ್ಟು ಬೇರೇನೂ ತಿನ್ನಬೇಡಿ, ಕುಡಿಯಬೇಡಿ. ಕಾಫಿ, ಟೀ, ಹಾಲು, ಹಣ್ಣು, ಅವಲಕ್ಕಿ ಕೂಡ ಬೇಡ.’ ಅಂದವಿಲ್ಲ, ಉದ್ದವಾಯಿತು. ಆದರೆ ಇದನ್ನು ಓದಿ ಅವಲಕ್ಕಿ ತಿಂದು ಬರುವವರು ಇರಲಾರರು.

ಆಮೇಲೆ ಟಿಪ್ಪಣಿ. ತಮ್ಮ ಅಷ್ಟು ಹೊತ್ತಿಗೆ ಬಂದಿದ್ದ. ನನ್ನ ಹಿಂದೆ ನಿಂತು ಕಾಫಿ ಹೀರುತ್ತಾ ಓದಿದ. ನಾನು ಬರೆದದ್ದು ಇಷ್ಟು:

‘ಊಹೆಗಳು. ಈ ಸಂದೇಶ ಹಿಂದಿನ ದಿನ ಸಂಜೆಯೇ ತಲುಪುತ್ತದೆ ಎಂದುಕೊಂಡಿದ್ದೇನೆ. ಬೆಳಿಗ್ಗೆ ತಲುಪುವುದಾದರೆ ಮೊದಲ ಸಂದೇಶ ಕೆಲಸಕ್ಕೆ ಬಾರದು. ಓದುವವರು ಮನೆಯ ಮಕ್ಕಳಿಂದ ಓದಿಸಿ ಕೇಳುವವರೂ ಇರಬಹುದು ಎಂದುಕೊಂಡಿದ್ದೇನೆ, ಆದ್ದರಿಂದ ಕಿವಿಗೆ ಅರ್ಥವಾಗುವಂತೆ ಬರೆದಿದ್ದೇನೆ. ನಿಮ್ಮ ಪದಪಟ್ಟಿಯ “ಉಪವಾಸ”ವನ್ನು ಬೇಕೆಂದೇ ಬಿಟ್ಟಿದ್ದೇನೆ. ಈ ಜಿಲ್ಲೆಯಲ್ಲಿ ಉಪವಾಸದ ದಿನ ಹಣ್ಣು, ಅವಲಕ್ಕಿ, ಕಾಫಿ ನಡೆಯುತ್ತದೆ. ಇನ್ನೊಂದು ಸಂದೇಶದಲ್ಲಿ, ಊಟವಾದ ಎರಡು ಗಂಟೆಯ ನಂತರ ಕೊಡುವ ರಕ್ತಕ್ಕೆ, ಊಟ ಶುರುಮಾಡಿದ ಹೊತ್ತಿನಿಂದ ಎಣಿಸಬೇಕು ಎಂದುಕೊಂಡಿದ್ದೇನೆ, ನಿಮ್ಮ ಲ್ಯಾಬಿನ ಡಾಕ್ಟರು ಖಚಿತಪಡಿಸಲಿ. ಸಕ್ಕರೆ ಮಾತ್ರೆ, ಇನ್ಸುಲಿನ್ ಬಗ್ಗೆ ಮೂಲದಲ್ಲಿ ಏನೂ ಇಲ್ಲ. ಇದನ್ನು ನಾನು ಊಹಿಸುವಂತಿಲ್ಲ. ಡಾಕ್ಟರ ಉತ್ತರ ಬರುವವರೆಗೆ ಮೊದಲ ಸಂದೇಶವನ್ನು ಬಳಸಬೇಡಿ.

‘ತೆಗೆದುಕೊಂಡ ಸಮಯ. ಮೊದಲ ಪ್ರತಿಗೆ ಎರಡು ಗಂಟೆ, ಅದನ್ನೂ ಲಗತ್ತಿಸಿದ್ದೇನೆ, ಅದರಲ್ಲಿ “ಉಪವಾಸ” ಇದೆ. ಗುಬ್ಬಿ ಮತ್ತು ಕುಣಿಗಲ್ಲಿನ ನಿಮ್ಮ ಕೇಂದ್ರಗಳಲ್ಲಿ ಕುಳಿತು ಕೇಳಿ ತಿಳಿಯಲು ಒಂದು ಇಡೀ ದಿನ. ಅರ್ಜಿದಾರಳು ಎಂದು ಅಲ್ಲಿ ಹೇಳಿಕೊಳ್ಳಲಿಲ್ಲ, ಯಾರ ಹೆಸರನ್ನೂ ಕೇಳಲಿಲ್ಲ. ತಿದ್ದಿ ಬರೆಯಲು ಇನ್ನೆರಡು ಗಂಟೆ.’

‘ಅಕ್ಕ, ನಿಂಗೇನ್ ತಲೆ ಕೆಟ್ಟಿದ್ಯಾ?’ ಎಂದ ತಮ್ಮ.

‘ಯಾಕ್ಲಾ?’

‘ಎರಡು ಗಂಟೆ ಅಂತ ಅವರೇ ಬರ್ದವ್ರೆ. ಎಲ್ಲಾರೂ ಎರಡು ಗಂಟೆ ಅಂತಾನೇ ಬರೀತಾರೆ. ಐದು ಗಂಟೆ ಮಾಡಿರೋನೂ ಎರಡು ಅಂತಾನೆ. ಜಾಸ್ತಿ ಬರೆದ್ರೆ ನಿಧಾನ ಅಂತ ಪಕ್ಕಕ್ಕಿಡ್ತಾರೆ. ನಾನು ದಿನಾ ನೋಡ್ತೀನಿ. ಆ ಗುಬ್ಬಿ ವಿಷ್ಯ ತೆಗಿ, ಎರಡು ಗಂಟೆ ಅಂತ ಹಾಕಿ ಕಳ್ಸು, ಮುಗೀತು.’

‘ಎರಡು ಗಂಟೇಲಿ ನಾನು ಬರೆದಿದ್ದು ತಪ್ಪು ಕಣೋ. ಅದು ಎರಡು ಗಂಟೇಲೇ ಸರಿ ಆಯ್ತು ಅಂತ ಬರೆದ್ರೆ, ನಾಳೆ ಇನ್ನೊಂದು ಇಪ್ಪತ್ತು ಸಂದೇಶ ಕೊಟ್ಟು ನಾಲ್ಕು ಗಂಟೇಲಿ ಕೊಡು ಅಂತಾರೆ. ಆಗ ಏನ್ ಮಾಡ್ಲಿ?’

‘ಆಗ ನೋಡ್ಕೊಂಡ್ರಾಯ್ತು. ಮೊದ್ಲು ಒಳಗೆ ಹೋಗು.’

ಒಳಗೆ ಹೋಗಬೇಕು ಎಂಬ ಆಸೆ ನನಗೆ ಅವನಿಗಿಂತ ಹೆಚ್ಚೇ ಇತ್ತು. ಆ ಒಂದು ಕ್ಷಣ ಬೆರಳು ಆ ಸಾಲಿನ ಮೇಲೆ ಹೋಯಿತು ಕೂಡ. ಆದರೆ ಇಡೀ ಟಿಪ್ಪಣಿಯಲ್ಲಿ ನಾನು ಊಹಿಸಬೇಕಾಗಿಲ್ಲದ, ನನಗೆ ಖಚಿತವಾಗಿ ಗೊತ್ತಿರುವ ಸಂಗತಿ ಅಂದರೆ ನಾನು ತೆಗೆದುಕೊಂಡ ಸಮಯ ಒಂದೇ. ಅದನ್ನೇ ಸುಳ್ಳು ಮಾಡಿದರೆ ಮಿಕ್ಕಿದ್ದನ್ನು ಅವರು ಯಾಕೆ ನಂಬಬೇಕು? ಅವನ ಕಣ್ಣೆದುರಿಗೇ ಕಳಿಸಿಬಿಟ್ಟೆ. ಅವನು ಲೋಟ ತೊಳೆಯದೆ ಹೊರಟುಹೋದ.

ಸಂದರ್ಶನಕ್ಕೆ ಕರೆದರು. ತುಮಕೂರಿನ ಶಾಖೆಯ ಮಾಳಿಗೆಯ ಕೋಣೆ. ಶಾಖೆಯ ವ್ಯವಸ್ಥಾಪಕರು, ಇಸ್ತ್ರಿ ಮುರಿಯದ ಅಂಗಿಯವರು, ನನ್ನ ಟಿಪ್ಪಣಿಯನ್ನು ಮುದ್ರಿಸಿ ಇಟ್ಟುಕೊಂಡಿದ್ದರು. ನೇಮಕಾತಿಯ ಹುಡುಗಿ ಪಕ್ಕದಲ್ಲಿ ಕುಳಿತಿದ್ದಳು. ಸಂದೇಶಗಳ ಹಾಳೆ ಮೇಜಿನ ಮೇಲೆ ಇರಲೇ ಇಲ್ಲ.

‘ನಮ್ಮ ಸೆಂಟರಿಗೆ ಪರ್ಮಿಷನ್ ಇಲ್ದೆ ಹೋಗಿದೀರಾ’ ಎಂದು ಶುರುಮಾಡಿದರು.

‘ಹೌದು ಸಾರ್. ಹೊರಗಡೆ ಕುರ್ಚೀಲಿ ಕೂತಿದ್ದೆ.’

‘ಪೇಷೆಂಟ್ಸ್ ಹತ್ರ ಮಾತಾಡಿದೀರಾ.’

‘ಪಕ್ಕದಲ್ಲಿ ಕೂತೋರ ಹತ್ರ ಮಾತಾಡಿದೆ. ಅವರ ಹೆಸರಿಲ್ಲ, ರಿಪೋರ್ಟ್ ಇಲ್ಲ. ತಪ್ಪು ಅಂದ್ರೆ ತಪ್ಪು ಅನ್ನಿ.’

‘ನೀವೇ ಬರೀದಿದ್ರೆ ನಮಗೆ ಗೊತ್ತೇ ಆಗ್ತಿರ್ಲಿಲ್ಲ.’

‘ಅದಕ್ಕೇ ಬರೆದೆ.’

ಅವರು ಕನ್ನಡಕ ಸರಿಮಾಡಿಕೊಂಡರು. ಆಮೇಲೆ ಹೇಳಿದ ಮಾತಿನಲ್ಲಿ ನ್ಯಾಯವಿತ್ತು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ‘ನೋಡಿ ಮೇಡಂ, ಬೇರೆ ಕ್ಯಾಂಡಿಡೇಟ್ಸ್ ಎಲ್ಲ ಎರಡು ಗಂಟೇಲಿ ಮಾಡಿದಾರೆ. ನೀವು ಒಂದು ದಿನ ಜಾಸ್ತಿ ತಗೊಂಡು ಚೆನ್ನಾಗಿ ಮಾಡಿದ್ರೆ ಅವರಿಗೆ ಅನ್ಯಾಯ ಆಗಲ್ವಾ?’

‘ಆಗುತ್ತೆ ಸಾರ್. ಅದಕ್ಕೇ ನನ್ನ ಎರಡು ಗಂಟೆ ಪ್ರತೀನೂ ಕಳಿಸಿದೀನಿ. ಅವರ ಜೊತೆ ಹೋಲಿಸೋದಾದ್ರೆ ಅದನ್ನ ಹೋಲಿಸಿ. ಅದ್ರಲ್ಲಿ ನಂದೂ ಉಪವಾಸನೇ. ಆದ್ರೆ ರೋಗಿಗೆ ಕಳಿಸೋದಾದ್ರೆ ಎರಡನೇದನ್ನ ಕಳಿಸಿ.’

‘ಬೇರೆಯವರು ಯಾರೂ ಉಪವಾಸಕ್ಕೆ ತಕರಾರು ಮಾಡಿಲ್ಲ.’

‘ಅವರಿಗೆ ಎರಡೇ ಗಂಟೆ ಕೊಟ್ಟಿದ್ರಲ್ಲ ಸಾರ್.’

ಹುಡುಗಿ ತಲೆ ಬಗ್ಗಿಸಿಕೊಂಡು ನಗು ನುಂಗಿದಳು. ಅವರು ನಗಲಿಲ್ಲ. ಡಾಕ್ಟರನ್ನು ಮಾತ್ರೆಯ ಬಗ್ಗೆ ಕೇಳಿದಿರಾ ಎಂದು ನಾನೇ ಕೇಳಿದೆ. ಪ್ರಶ್ನೆ ಕೇಳಬೇಕಾದವರು ತಾವು ಎಂಬಂತೆ ನನ್ನನ್ನು ನೋಡಿದರು. ಹೊರಗೆ ಬಂದು ಬಸ್ ನಿಲ್ದಾಣದವರೆಗೂ ನನಗೆ ನಾನೇ ಬೈದುಕೊಂಡೆ, ಆಮೇಲೆ ಅವರಿಗೆ ಬೈದೆ, ಆಮೇಲೆ ಒಂದು ಮಸಾಲೆ ದೋಸೆ ತಿಂದೆ.

ಎರಡು ದಿನವಾದ ಮೇಲೆ ಹುಡುಗಿಯ ಫೋನ್ ಬಂತು. ದನಿ ತಗ್ಗಿಸಿ ಮಾತಾಡಿದಳು. ‘ಮೇಡಂ, ನಿಮ್ಮ ಕೆಲಸ ಎಲ್ಲಾರಿಗೂ ಇಷ್ಟ ಆಗಿದೆ. ಒಂದೇ ಒಂದು ಸಣ್ಣ ತೊಂದ್ರೆ. ಹೆಡ್ಡಾಫೀಸಿನೋರು ಟೈಮ್ ಜಾಸ್ತಿ ಇರೋದನ್ನ ತಗೊಳ್ಳಲ್ಲ. ನೀವು ಆ ನೋಟ್ ಒಂದನ್ನ ಸ್ವಲ್ಪ ಸರಿ ಮಾಡಿ ಕಳಿಸಿ ಮೇಡಂ. ಗುಬ್ಬಿ, ಕುಣಿಗಲ್ ವಿಷ್ಯ ತೆಗೆದು, ಟೈಮು ಎರಡು ಗಂಟೆ ಅಂತ. ಬರೀ ಫಾರ್ಮಾಲಿಟಿ.’

‘ಹಂಗೆ ಮಾಡಿದ್ರೆ ಕೆಲಸ ಆಗುತ್ತಾ?’

‘ಆಗುತ್ತೆ ಅಂತಾನೇ ಅಂದ್ಕೊಳ್ಳಿ ಮೇಡಂ.’

ಫೋನಿಟ್ಟೆ. ಕೆಲಸ ಕೈಗೆ ಎಟುಕುವಷ್ಟು ಹತ್ತಿರ ಬಂದಿತ್ತು. ಆ ಹುಡುಗಿ ನನ್ನ ಒಳ್ಳೆಯದಕ್ಕೇ ಹೇಳಿದ್ದಳು, ಅದೂ ಗೊತ್ತು. ತಮ್ಮನಿಗೆ ಹೇಳಿದ್ದರೆ ಕುಣಿದಾಡುತ್ತಿದ್ದ, ಅದಕ್ಕೇ ಹೇಳಲಿಲ್ಲ. ನನಗೆ ಸಹಿಸಲಾಗದಿದ್ದದ್ದು ಅವರ ಆತುರವಲ್ಲ. ಪ್ರಾಮಾಣಿಕವಾಗಿ ಬರೆಯಿರಿ ಎಂದು ಒಂದು ಪುಟ ಕೊಟ್ಟು, ಬರೆದ ಮೇಲೆ ಅದನ್ನೇ ತಿದ್ದಿಕೊಡಿ ಎನ್ನುವುದು. ಹಾಗಾದರೆ ಕೇಳಿದ್ದಾದರೂ ಯಾಕೆ? ನಾನು ಜೀವಮಾನವಿಡೀ ಬೇರೆಯವರ ತಪ್ಪು ತಿದ್ದಿದವಳು, ಸರಿ ಇರುವುದನ್ನು ತಪ್ಪು ಮಾಡಿಕೊಡಿ ಎಂದು ಇದುವರೆಗೆ ಯಾರೂ ಕೇಳಿರಲಿಲ್ಲ.

ಟಿಪ್ಪಣಿಯನ್ನು ತೆರೆದು ಮೊದಲಿನಿಂದ ಕೊನೆಯವರೆಗೆ ಓದಿದೆ. ಕೆಳಗೆ ಒಂದು ಸಾಲು ಸೇರಿಸಿದೆ: ‘ನಿಮ್ಮ ಸೂಚನೆಯಂತೆ ಈ ಟಿಪ್ಪಣಿಯನ್ನು ಮರುಪರಿಶೀಲಿಸಲು ಹತ್ತು ನಿಮಿಷ. ಬದಲಾವಣೆ ಏನೂ ಇಲ್ಲ.’ ಕಳಿಸಿದೆ. ಕಳಿಸಿದ ಮೇಲೆ ಅಳು ಬಂತು. ಅದನ್ನು ಮುಚ್ಚಿಡುವುದೇನಿದೆ. ಡಬ್ಬಿ ಕಟ್ಟಿಕೊಂಡು ಹೋಗುವ ಆ ಬೆಳಗನ್ನು ಅಷ್ಟು ಸಲ ಮನಸ್ಸಿನಲ್ಲಿ ನೋಡಿಕೊಂಡಿದ್ದೆ. ಈಗ ನನ್ನ ಕೈಯಾರೆ ಕದ ಮುಚ್ಚಿದ್ದೆ.

ಒಂದು ವಾರ ಸುದ್ದಿಯಿಲ್ಲ. ತಮ್ಮ ಭಾನುವಾರ ಬಂದವನು ವಿಷಯ ಕೇಳಿ ತಲೆ ಚಚ್ಚಿಕೊಂಡ. ‘ಹತ್ತು ನಿಮಿಷಾನೂ ಬರೆದ್ಯಾ! ಅವರ ಮುಖಕ್ಕೆ ಹೊಡೆದಂಗಾಯ್ತಲ್ಲಕ್ಕ’ ಎಂದ. ಹೊಡೆದ ಹಾಗೇ ಇರಲಿ ಎಂದೆ. ಅವನ ಮುಂದೆ ಗಟ್ಟಿಯಾಗಿಯೇ ಇದ್ದೆ.

ಆಮೇಲೆ ಮತ್ತೆ ಆ ಹುಡುಗಿಯ ಫೋನ್. ಈ ಸಲ ದನಿ ತಗ್ಗಿಸಿರಲಿಲ್ಲ. ‘ಮೇಡಂ, ಸಾರ್‌ಗೆ ನಿಮ್ಮ ಮೇಲೆ ಕೋಪ ಇನ್ನೂ ಇಳಿದಿಲ್ಲ. ಆದ್ರೆ ಮಾತ್ರೆದು ಒಂದು ಪ್ರಶ್ನೆ ಬರೆದಿದ್ರಲ್ಲ, ಅದನ್ನ ನಾನು ಡಾಕ್ಟ್ರಿಗೆ ಕಳಿಸಿದ್ದೆ. ಉತ್ತರ ಬಂದಿದೆ. ಸಕ್ಕರೆ ಮಾತ್ರೆ, ಇನ್ಸುಲಿನ್ ರಕ್ತ ಕೊಟ್ಟ ಮೇಲೆ ತಿಂಡಿ ಜೊತೆ ತಗೊಳ್ಳಿ ಅಂತ ಹಾಕ್ಬೇಕಂತೆ, ಬೇರೆ ಮಾತ್ರೆ ಇದ್ರೆ ಅವರ ಡಾಕ್ಟ್ರನ್ನೇ ಕೇಳಿ ಅಂತ. ಊಟ ಶುರು ಮಾಡಿದಾಗಿಂದ ಎಣಿಸಬೇಕು ಅನ್ನೋದೂ ಸರಿಯಂತೆ. ಅದನ್ನ ಸೇರಿಸಿ ಇನ್ನೊಂದ್ಸಲ ಬರೆದುಕೊಡ್ತೀರಾ? ಅರ್ಜೆಂಟು. ಸೋಮವಾರದಿಂದ ಹೊಸ ಮೆಸೇಜ್ ಹೋಗ್ಬೇಕು.’

‘ನನ್ನ ಕೆಲಸದ ವಿಷಯ?’

‘ಅದಿನ್ನೂ ಏನೂ ಹೇಳಿಲ್ಲ ಮೇಡಂ.’

ಬರೆದುಕೊಡುವುದಿಲ್ಲ ಎನ್ನಲು ಬಾಯಿ ತೆರೆದೆ. ಕೆಲಸವಿಲ್ಲ, ಆದರೆ ವಾಕ್ಯ ಬೇಕು! ಎಂಥ ಭಂಡತನ! ಆದರೆ ಆ ವಾಕ್ಯ ಅರ್ಧಕ್ಕೆ ನಿಂತಿತ್ತು, ಅರ್ಧ ವಾಕ್ಯವನ್ನೇ ಅವಸರಕ್ಕೆ ಕಳಿಸಿಬಿಟ್ಟಾರು ಎಂಬ ಹೆದರಿಕೆ ನನ್ನನ್ನು ಸುಮ್ಮನಿರಲು ಬಿಡಲಿಲ್ಲ. ಕುಳಿತು ಬರೆದೆ. ಮಾತ್ರೆಯ ಎರಡು ಸಾಲು ಸೇರಿಸಿ, ಉದ್ದವಾದದ್ದನ್ನು ಕತ್ತರಿಸಿ, ಅವ್ವನಿಗೆ ಫೋನ್‌ನಲ್ಲಿ ಓದಿ ಹೇಳಿ, ಅವಳು ‘ನೀರೊಂದೇ ಅನ್ನು, ಆಯ್ತಲ್ಲ’ ಎಂದ ಮೇಲೆ ಮುಗಿಸಿದೆ. ಕಳಿಸುವ ಮೊದಲು, ರೂಢಿಯಂತೆ, ಟಿಪ್ಪಣಿ ಜೋಡಿಸಿದೆ. ಬಹಳ ಚಿಕ್ಕದು:

‘ತೆಗೆದುಕೊಂಡ ಸಮಯ: ಒಂದೂವರೆ ಗಂಟೆ. ಊಹೆ: ಈ ಕೆಲಸಕ್ಕೆ ನನ್ನನ್ನು ತೆಗೆದುಕೊಂಡಿದ್ದೀರಿ ಎಂದುಕೊಂಡಿದ್ದೇನೆ. ಈ ಊಹೆ ತಪ್ಪಾಗಿದ್ದರೆ ದಯವಿಟ್ಟು ತಿಳಿಸಿ.’

ಉತ್ತರ ಮರುದಿನ ಬಂತು. ಹುಡುಗಿಯಿಂದಲ್ಲ, ವ್ಯವಸ್ಥಾಪಕರಿಂದ. ವಂದನೆ ಇಲ್ಲ, ಇಂತಿ ಇಲ್ಲ, ಕೆಳಗೆ ಹೆಸರೂ ಇಲ್ಲ. ಒಂದೇ ಸಾಲು, ಅದೂ ಕನ್ನಡದಲ್ಲಿ.

‘ಊಹೆ ಸರಿಯಾಗಿದೆ, ಸೋಮವಾರ ಬನ್ನಿ.’